ವೃತ್ತದೊಳಗಿನ E ಮತ್ತು ಅಂಕಿ: ಟೈರಿಗೂ ಹೆಡ್‌ಲೈಟಿಗೂ ಒಪ್ಪಿಗೆ ಕೊಟ್ಟ ದೇಶ ಯಾವುದು?

ಕಾರಿನ ಟೈರಿನ ಬದಿಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನಿಧಾನವಾಗಿ ಸುತ್ತಲೂ ನೋಡುತ್ತ ಹೋದರೆ, ಕಂಪನಿಯ ಹೆಸರು ಮತ್ತು ಅಳತೆಯ ದೊಡ್ಡ ಅಕ್ಷರಗಳ ನಡುವೆ ಎಲ್ಲೋ ಒಂದು ಕಡೆ ಚಿಕ್ಕ ವೃತ್ತವೊಂದು ರಬ್ಬರಿನಲ್ಲೇ ಉಬ್ಬಿ ನಿಂತಿರುವುದು ಕಾಣುತ್ತದೆ. ಅದರೊಳಗೆ ದೊಡ್ಡ E ಅಕ್ಷರ, ಅದರ ಪಕ್ಕದಲ್ಲಿ 4 ಅಥವಾ 11 ಅಥವಾ 43ರಂಥ ಒಂದು ಅಂಕಿ, ವೃತ್ತದ ಹೊರಗೆ ಆರೇಳು ಅಂಕಿಗಳ ಇನ್ನೊಂದು ಸಂಖ್ಯೆ ಇರುತ್ತದೆ. ಇದೇ ವೃತ್ತ ಹೆಡ್‌ಲೈಟಿನ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಮುಖದ ಮೇಲೂ ಇರುತ್ತದೆ. ಇದನ್ನು ನೋಡಿದ ಅನೇಕರು ಅಂಕಿಯನ್ನು ತಯಾರಾದ ದೇಶದ ಗುರುತೆಂದು ಭಾವಿಸುತ್ತಾರೆ. E1 ಕಂಡರೆ ‘ಜರ್ಮನಿಯ ಮಾಲು’ ಎಂದು ಹೇಳಿ ಹೆಚ್ಚು ಬೆಲೆ ಕೇಳುವವರೂ ಇದ್ದಾರೆ. ಆ ಓದು ತಪ್ಪು. ಈ ಅಂಕಿ ವಸ್ತು ಎಲ್ಲಿ ತಯಾರಾಯಿತು ಎಂಬುದನ್ನು ಹೇಳುವುದಿಲ್ಲ. ಅದರ ವಿನ್ಯಾಸವನ್ನು ಪರೀಕ್ಷೆಗೆ ಒಳಪಡಿಸಿ ಒಪ್ಪಿಗೆಯ ಸಹಿ ಹಾಕಿದ್ದು ಯಾವ ದೇಶದ ಸರ್ಕಾರ ಎಂಬುದನ್ನು ಮಾತ್ರ ಹೇಳುತ್ತದೆ.

ಈ ಪದ್ಧತಿಯ ಮೂಲ 1958ರ ಮಾರ್ಚ್ 20ರಂದು ಜಿನೀವಾದಲ್ಲಿ ಆದ ಒಂದು ಒಪ್ಪಂದ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಆಶ್ರಯದಲ್ಲಿ ಆದ ಈ ಒಪ್ಪಂದದ ತಿರುಳು ಸರಳವಾದದ್ದು. ವಾಹನದ ಒಂದೊಂದು ಭಾಗಕ್ಕೂ ಒಂದೊಂದು ನಿಯಮಾವಳಿ ಇರುತ್ತದೆ. ಆ ನಿಯಮಾವಳಿಯನ್ನು ಅನ್ವಯಿಸುವ ಯಾವುದೇ ಒಂದು ಸದಸ್ಯ ದೇಶ ಒಂದು ಭಾಗಕ್ಕೆ ಒಪ್ಪಿಗೆ ಕೊಟ್ಟರೆ, ಅದನ್ನೇ ಅನ್ವಯಿಸುವ ಉಳಿದ ಸದಸ್ಯ ದೇಶಗಳು ಮತ್ತೆ ಪರೀಕ್ಷೆ ಮಾಡದೆ ಆ ಒಪ್ಪಿಗೆಯನ್ನು ಮಾನ್ಯ ಮಾಡಬೇಕು. ಹಾಗಾದರೆ ಒಪ್ಪಿಗೆ ಕೊಟ್ಟವರು ಯಾರೆಂಬುದು ವಸ್ತುವಿನ ಮೇಲೆಯೇ ಇರಬೇಕಾಗುತ್ತದೆ, ಏಕೆಂದರೆ ನಾಳೆ ದೋಷ ಕಂಡುಬಂದಾಗ ಪ್ರಶ್ನೆ ಕೇಳಬೇಕಾದದ್ದು ಅವರನ್ನೇ. ವೃತ್ತದೊಳಗಿನ ಅಂಕಿ ಇರುವುದು ಈ ಉತ್ತರದಾಯಿತ್ವಕ್ಕಾಗಿ.

ದೇಶಗಳಿಗೆ ಅಂಕಿ ಸಿಕ್ಕಿದ್ದು ಅಕಾರಾದಿಯಾಗಿಯೂ ಅಲ್ಲ, ದೊಡ್ಡದು ಚಿಕ್ಕದು ಎಂದೂ ಅಲ್ಲ; ಹೆಚ್ಚು ಕಡಿಮೆ ಒಪ್ಪಂದಕ್ಕೆ ಸೇರಿದ ಸರದಿಯಲ್ಲಿ. 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 4 ನೆದರ್‌ಲೆಂಡ್ಸ್, 5 ಸ್ವೀಡನ್, 6 ಬೆಲ್ಜಿಯಂ, 7 ಹಂಗೇರಿ, 8 ಚೆಕ್ ಗಣರಾಜ್ಯ, 9 ಸ್ಪೇನ್. ಮುಂದೆ 11 ಬ್ರಿಟನ್, 12 ಆಸ್ಟ್ರಿಯ, 13 ಲಕ್ಸೆಂಬರ್ಗ್, 20 ಪೋಲೆಂಡ್, 24 ಐರ್ಲೆಂಡ್, 37 ಟರ್ಕಿ. ಒಪ್ಪಂದ ಯುರೋಪಿನ ಆಚೆಗೆ ಹಬ್ಬಿದ್ದು ತಡವಾಗಿ. ಜಪಾನ್ 1998ರಲ್ಲಿ ಸೇರಿದ್ದರಿಂದ ಅದಕ್ಕೆ 43 ಬಂತು. ಅದರ ನಂತರ ಆಸ್ಟ್ರೇಲಿಯಕ್ಕೆ 45, ದಕ್ಷಿಣ ಆಫ್ರಿಕಕ್ಕೆ 47, ದಕ್ಷಿಣ ಕೊರಿಯಕ್ಕೆ 51, ಮಲೇಷ್ಯಕ್ಕೆ 52, ಥಾಯ್ಲೆಂಡಿಗೆ 53 ಸಿಕ್ಕಿತು.

ಈ ಪಟ್ಟಿಯಲ್ಲಿ ಯುರೋಪಿನ ಕಳೆದ ಶತಮಾನದ ಚರಿತ್ರೆಯೂ ಅಚ್ಚಾಗಿ ಕುಳಿತಿದೆ. 8 ಮೊದಲು ಚೆಕೊಸ್ಲೊವಾಕಿಯದ್ದಾಗಿತ್ತು; ದೇಶ ಒಡೆದಾಗ ಚೆಕ್ ಭಾಗ ಹಳೆಯ ಅಂಕಿಯನ್ನು ಉಳಿಸಿಕೊಂಡಿತು, ಸ್ಲೊವಾಕಿಯ 27 ಪಡೆಯಿತು. 10 ಯುಗೊಸ್ಲಾವಿಯದ್ದು, ಈಗ ಸರ್ಬಿಯದ್ದು. ಅಲ್ಲಿಂದ ಬೇರೆಯಾದ ಕ್ರೊಯೇಷ್ಯ, ಸ್ಲೊವೇನಿಯಗಳಿಗೆ 25 ಮತ್ತು 26. ಪೂರ್ವ ಜರ್ಮನಿಗಿದ್ದ 15 ಆ ದೇಶ 1990ರಲ್ಲಿ ಇಲ್ಲವಾದ ಮೇಲೆ ಬೇರೆ ಯಾರಿಗೂ ಹೋಗದೆ ಖಾಲಿ ಉಳಿದಿದೆ. ಹಳೆಯ ವಾಹನಗಳನ್ನು ದುರಸ್ತಿ ಮಾಡಿ ಕಾಪಾಡುವವರಿಗೆ ಇದು ಉಪಯೋಗದ ಮಾತು: E15 ಇರುವ ದೀಪವೊಂದು ಕೈಗೆ ಬಂದರೆ ಅದರ ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕಿದ್ದು 1990ಕ್ಕಿಂತ ಈಚೆಗಂತೂ ಅಲ್ಲ.

ತಯಾರಾದ ದೇಶ ಬೇರೆ, ಒಪ್ಪಿಗೆ ಕೊಟ್ಟ ದೇಶ ಬೇರೆ ಎಂಬುದು ಅಪರೂಪದ ಸಂಗತಿಯಲ್ಲ. ದಿನನಿತ್ಯ ನಡೆಯುವ ಸಂಗತಿ. ತಯಾರಕರು ತಮ್ಮ ಕಾರ್ಖಾನೆ ಇರುವ ದೇಶದಲ್ಲೇ ಅರ್ಜಿ ಹಾಕಬೇಕೆಂಬ ಕಟ್ಟುಪಾಡು ಇಲ್ಲ. ಯಾವ ದೇಶದ ಅಧಿಕಾರಿಗಳೊಡನೆ ವ್ಯವಹರಿಸಿ ಅಭ್ಯಾಸವಿದೆಯೋ, ಯಾವ ಪರೀಕ್ಷಾಲಯದಲ್ಲಿ ಬೇಗ ಸರದಿ ಸಿಗುತ್ತದೆಯೋ ಅಲ್ಲಿಗೆ ಹೋಗುತ್ತಾರೆ. ಕಾರು ಉದ್ಯಮದಲ್ಲಿ ದೊಡ್ಡ ಹೆಸರಿಲ್ಲದ ನೆದರ್‌ಲೆಂಡ್ಸ್ ಮತ್ತು ಪುಟ್ಟ ಲಕ್ಸೆಂಬರ್ಗ್‌ಗಳ E4, E13 ಗುರುತುಗಳು ಲೋಕದ ಎಲ್ಲೆಡೆಯ ಮಾಲಿನ ಮೇಲೆ ಕಾಣಸಿಗುವುದಕ್ಕೆ ಕಾರಣ ಇದೇ. ನಮ್ಮ ಮಟ್ಟಿಗಂತೂ ಇದು ಹೀಗಲ್ಲದೆ ಬೇರೆ ದಾರಿಯೇ ಇಲ್ಲ, ಏಕೆಂದರೆ ಭಾರತಕ್ಕೆ E ಅಂಕಿ ಇಲ್ಲ. ಭಾರತ 1958ರ ಒಪ್ಪಂದದ ಸದಸ್ಯ ದೇಶವಲ್ಲ. 2006ರಲ್ಲಿ ಸೇರಿದ್ದು 1998ರ ಇನ್ನೊಂದು ಒಪ್ಪಂದಕ್ಕೆ. ಆ ಎರಡನೆಯ ಒಪ್ಪಂದ ತಾಂತ್ರಿಕ ನಿಯಮಗಳನ್ನು ಕೂಡಿ ರೂಪಿಸುವುದಕ್ಕೆ ಸಂಬಂಧಿಸಿದ್ದು, ಪರಸ್ಪರರ ಒಪ್ಪಿಗೆಯನ್ನು ಮಾನ್ಯ ಮಾಡುವ ಕಟ್ಟಳೆ ಅದರಲ್ಲಿಲ್ಲ. ಆದ್ದರಿಂದ ಮೈಸೂರಿನಲ್ಲೋ ಚೆನ್ನೈನಲ್ಲೋ ತಯಾರಾದ ಟೈರು ಯುರೋಪಿಗೆ ಹೋಗಬೇಕಾದರೆ ಬೇರೆ ಯಾವುದಾದರೂ ಸದಸ್ಯ ದೇಶದ ಒಪ್ಪಿಗೆಯನ್ನು ಪಡೆದು, ಅದರ ಅಂಕಿಯನ್ನು ಹೊತ್ತೇ ಹೋಗಬೇಕು. ‘ಮೇಡ್ ಇನ್ ಇಂಡಿಯಾ’ ಎಂಬ ಬರಹ ಮತ್ತು E4 ಒಂದೇ ಟೈರಿನ ಮೇಲೆ ಜೊತೆಯಾಗಿ ಕಂಡರೆ ಅದರಲ್ಲಿ ವಿರೋಧವೂ ಇಲ್ಲ, ಮೋಸವೂ ಇಲ್ಲ.

ಈಗ ಟೈರನ್ನು ಹತ್ತಿರದಿಂದ ಓದೋಣ. ಕಾರಿನ ಟೈರೊಂದರ ಮೇಲೆ ಈ ರೀತಿಯ ಎರಡು ಸಾಲು ಇದೆ ಎಂದಿಟ್ಟುಕೊಳ್ಳಿ. ಸಂಖ್ಯೆಗಳು ಉದಾಹರಣೆಗಾಗಿ ಬರೆದವು, ಇಲ್ಲಿ ಆವರಣ ಚಿಹ್ನೆಯಿಂದ ತೋರಿಸಿದ್ದು ಟೈರಿನ ಮೇಲೆ ವೃತ್ತವಾಗಿರುತ್ತದೆ.

```
(E4) 0232439
(E4) 0212345 S2WR2
```

ಎರಡು ಸಾಲಿನ ಆರಂಭದಲ್ಲೂ E4 ಇರುವುದರಿಂದ ಎರಡೂ ಒಪ್ಪಿಗೆಗಳನ್ನು ಕೊಟ್ಟದ್ದು ನೆದರ್‌ಲೆಂಡ್ಸ್. ಮೊದಲ ಸಾಲು ಕಾರಿನ ಟೈರಿಗೆ ಸಂಬಂಧಿಸಿದ 30ನೆಯ ನಿಯಮಾವಳಿಯ ಒಪ್ಪಿಗೆ. ಟೈರಿನ ಅಳತೆ, ಹೊರಬಲ್ಲ ಭಾರ, ವೇಗವನ್ನು ತಾಳುವ ಶಕ್ತಿ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಎರಡನೆಯ ಸಾಲು 117ನೆಯ ನಿಯಮಾವಳಿಯದ್ದು. ಅಲ್ಲಿ S ಉರುಳುವಾಗಿನ ಸದ್ದಿಗೆ, W ಒದ್ದೆ ರಸ್ತೆಯ ಹಿಡಿತಕ್ಕೆ, R ಉರುಳುವ ಪ್ರತಿರೋಧಕ್ಕೆ ನಿಲ್ಲುತ್ತದೆ. ಅಕ್ಷರದ ಪಕ್ಕದ 2 ಎಂದರೆ ಆ ಗುಣದಲ್ಲಿ ಎರಡನೆಯ ಹಂತದ, ಅಂದರೆ ಮೊದಲಿಗಿಂತ ಬಿಗಿಯಾದ ಮಿತಿಯನ್ನು ಟೈರು ದಾಟಿದೆ ಎಂದರ್ಥ. ಬೆಂಗಳೂರಿನ ಮಳೆಗಾಲದಲ್ಲಿ ಟೈರು ಕೊಳ್ಳುವವರು ಬೇರೆ ಯಾವುದನ್ನು ನೋಡದಿದ್ದರೂ ಆ W ಒಂದನ್ನು ಹುಡುಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಸಂಖ್ಯೆಯ ಮೊದಲ ಎರಡು ಅಂಕಿಗಳು, ಇಲ್ಲಿ 02, ಅನೇಕರನ್ನು ದಾರಿ ತಪ್ಪಿಸುತ್ತವೆ. ಅವು ವರ್ಷವನ್ನು ಸೂಚಿಸುವುದಿಲ್ಲ. ಒಪ್ಪಿಗೆ ಕೊಡುವ ಹೊತ್ತಿಗೆ ಆ ನಿಯಮಾವಳಿ ಎಷ್ಟನೆಯ ತಿದ್ದುಪಡಿ ಸರಣಿಯಲ್ಲಿತ್ತು ಎಂಬುದನ್ನು ಅವು ಹೇಳುತ್ತವೆ. ಲಾರಿ ಮತ್ತು ಬಸ್ಸಿನ ಟೈರುಗಳಿಗೆ 54ನೆಯ, ಬೈಕಿನ ಟೈರುಗಳಿಗೆ 75ನೆಯ ನಿಯಮಾವಳಿ ಅನ್ವಯವಾಗುತ್ತದೆ. ಅಲ್ಲಿ ಸಂಖ್ಯೆ 00 ಎಂದು ಆರಂಭವಾಗುತ್ತದೆ. ಹೊಸ ಬೈಕ್ ಟೈರಿನ ಮೇಲೆ 00 ಕಂಡು ‘ಎರಡು ಸೊನ್ನೆ, ಹಾಗಾದರೆ 2000ನೆಯ ಇಸವಿಯ ಮಾಲು’ ಎಂದು ಹಿಂದಿರುಗಿಸಬೇಕಾಗಿಲ್ಲ. ಟೈರು ತಯಾರಾದ ಕಾಲವನ್ನು ತಿಳಿಯಬೇಕಾದರೆ DOT ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಬೇಕು: 2319 ಎಂದಿದ್ದರೆ 2019ರ 23ನೆಯ ವಾರ. ತಯಾರಾದ ಕಾರ್ಖಾನೆಯ ಸಂಕೇತವೂ ಆ ಸಾಲಿನ ಆರಂಭದಲ್ಲೇ ಇರುತ್ತದೆ. ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ DOT ಸಾಲು. ಯಾರು ಒಪ್ಪಿದರು ಎಂಬ ಪ್ರಶ್ನೆಗೆ E ವೃತ್ತ.

ಟೈರಿನ ಮೇಲಿನ ವೃತ್ತದ ವ್ಯಾಸ ಕನಿಷ್ಠ 12 ಮಿಲಿಮೀಟರ್ ಇರಬೇಕು, ಮತ್ತು ಅದು ಅಚ್ಚಿನಲ್ಲೇ ಮೂಡಿ ಬಂದಿರಬೇಕು. ಬೆರಳ ತುದಿಯಿಂದ ಸವರಿದರೆ ಅದರ ಅಂಚು ಉಳಿದ ಬರಹದಂತೆಯೇ ನಯವಾಗಿ ತಾಗಬೇಕು. ಆಮೇಲೆ ಕೊರೆದದ್ದು, ಸುಟ್ಟು ಮೂಡಿಸಿದ್ದು ಅಥವಾ ಅಂಟಿಸಿದ್ದು ಎಂದು ಅನಿಸಿದರೆ ಆ ಟೈರನ್ನು ಬಿಡುವುದೇ ಸರಿ. ಹಾಗೆಯೇ ಹೊರಬದಿಯಲ್ಲಿ ಗುರುತು ಕಾಣಲಿಲ್ಲವೆಂದು ಕೂಡಲೇ ಅನುಮಾನಪಡದೆ ಒಳಬದಿಯನ್ನೂ ನೋಡಬೇಕು. ನಮ್ಮ ದೇಶದೊಳಗಿನ ಮಾರಾಟಕ್ಕೆ ಕಾನೂನು ಕೇಳುವ ಗುರುತು ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಚಿಹ್ನೆ ಎಂಬುದೂ ನೆನಪಿರಲಿ. E ವೃತ್ತ ಅದರ ಸ್ಥಾನವನ್ನು ತುಂಬುವುದಿಲ್ಲ.

ಹೆಡ್‌ಲೈಟಿನ ವಿಷಯ ಇನ್ನಷ್ಟು ಎಚ್ಚರ ಬೇಡುತ್ತದೆ, ಏಕೆಂದರೆ ಅಲ್ಲಿ ಅಂಕಿಯನ್ನು ಸರಿಯಾಗಿ ಓದಿಯೂ ದೀಪವನ್ನು ತಪ್ಪಾಗಿ ಆರಿಸಲು ಸಾಧ್ಯ. ಒಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಜರ್ಮನಿಯಲ್ಲಿ ಕೆಲಸ ಮಾಡುವ ಕನ್ನಡಿಗರೊಬ್ಬರ ಕಾರಿನ ಹೆಡ್‌ಲೈಟ್ ಒಡೆದಿದೆ. ಹೊಸದರ ಬೆಲೆ ಬಹಳವಾದ್ದರಿಂದ ಅವರು ಬ್ರಿಟನ್ನಿನಲ್ಲಿ ಗುಜರಿಗೆ ಹೋದ ಅದೇ ಮಾದರಿಯ ಕಾರಿನ ದೀಪವನ್ನು ತರಿಸುತ್ತಾರೆ. ದೀಪದ ಮುಖದ ಮೇಲೆ ಹೀಗಿದೆ:

```
(E1)   HC/R  PL  →   17.5
       01 2439
```

E1 ಅಂದರೆ ಜರ್ಮನಿ, ತಾವಿರುವುದೂ ಜರ್ಮನಿ, ಇನ್ನೇನು ತೊಂದರೆ ಎಂದು ಅವರಿಗೆ ಅನಿಸುವುದು ಸಹಜ. ಒಂದೊಂದು ಗುರುತನ್ನೂ ಬಿಡಿಸಿ ನೋಡೋಣ. H ಎಂದರೆ ಹ್ಯಾಲೊಜೆನ್ ಬಲ್ಬಿನ ದೀಪ. C ಎಂದರೆ ಡಿಮ್, R ಎಂದರೆ ಬ್ರೈಟ್. ನಡುವಿನ ಓರೆಗೆರೆ ಇವೆರಡೂ ಏಕಕಾಲಕ್ಕೆ ಉರಿಯಬಾರದು ಎಂಬ ಸೂಚನೆ. PL ಎಂದರೆ ಮುಖ ಗಾಜಿನದ್ದಲ್ಲ, ಪ್ಲಾಸ್ಟಿಕ್ಕಿನದ್ದು. 17.5 ಎಂಬುದು ಬ್ರೈಟ್ ಬೆಳಕಿನ ತೀವ್ರತೆಯ ಸೂಚ್ಯಂಕ. ವಾಹನವೊಂದರಲ್ಲಿ ಒಟ್ಟಿಗೆ ಉರಿಯಬಹುದಾದ ಎಲ್ಲ ಬ್ರೈಟ್ ದೀಪಗಳ ಈ ಅಂಕಿಗಳನ್ನು ಕೂಡಿದರೆ ಮೊತ್ತ 100 ಮೀರಬಾರದು. 01 ಮತ್ತೆ ತಿದ್ದುಪಡಿಯ ಸರಣಿ, ಮುಂದಿನದು ಒಪ್ಪಿಗೆಯ ಸಂಖ್ಯೆ.

ಉಳಿದದ್ದು ಬಾಣ. ಈ ಪುಟ್ಟ ಬಾಣವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ದೀಪದ ಎದುರು ನಿಂತು ನೋಡುವವರ ಬಲಕ್ಕೆ ಮುಖ ಮಾಡಿದ ಬಾಣವಿದ್ದರೆ ಆ ದೀಪ ರಸ್ತೆಯ ಎಡಬದಿಯಲ್ಲಿ ಸಂಚರಿಸುವ ದೇಶಗಳಿಗಾಗಿ, ಅಂದರೆ ಬ್ರಿಟನ್, ಜಪಾನ್, ಭಾರತದಂಥ ಕಡೆಗಳಿಗಾಗಿ ಮಾಡಿದ್ದು. ಬಾಣವೇ ಇಲ್ಲದಿದ್ದರೆ ಬಲಬದಿಯ ಸಂಚಾರಕ್ಕೆ. ಎರಡೂ ಕಡೆ ತುದಿಯಿರುವ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದಾದದ್ದು. ಎದುರು ನಿಂತವರ ಬಲ ಎಂದರೆ ಚಾಲಕರ ಎಡ ಎಂಬುದನ್ನು ಗಮನಿಸಿದರೆ, ಬಾಣ ತೋರಿಸುತ್ತಿರುವುದು ವಾಹನ ಚಲಿಸುವ ರಸ್ತೆಯ ಬದಿಯನ್ನೇ ಎಂಬುದು ಸ್ಪಷ್ಟವಾಗುತ್ತದೆ.

ಇದರ ಹಿಂದಿನ ಕಾರಣ ಗೋಡೆಯ ಮೇಲೆ ಕಾಣುತ್ತದೆ. ಕತ್ತಲಲ್ಲಿ ಕಾರನ್ನು ಸಮತಟ್ಟಾದ ನೆಲದ ಮೇಲೆ ಗೋಡೆಗೆ ಎದುರಾಗಿ ನಿಲ್ಲಿಸಿ ಡಿಮ್ ಹಾಕಿದರೆ, ಬೆಳಕಿನ ಮೇಲಂಚು ಒಂದು ಪಕ್ಕದಲ್ಲಿ ಅಡ್ಡಗೆರೆಯಂತೆ ನೇರವಾಗಿರುತ್ತದೆ, ಇನ್ನೊಂದು ಪಕ್ಕದಲ್ಲಿ ಮೇಲಕ್ಕೇರುತ್ತದೆ. ಹ್ಯಾಲೊಜೆನ್ ದೀಪಗಳಲ್ಲಿ ಈ ಏರು ಸಾಮಾನ್ಯವಾಗಿ 15 ಡಿಗ್ರಿಯ ಓರೆಯಾಗಿರುತ್ತದೆ. ನೇರವಾಗಿರುವ ಪಕ್ಕ ಎದುರಿನಿಂದ ಬರುವವರ ಕಣ್ಣಿಗೆ ಬೆಳಕು ಹೊಡೆಯದಂತೆ ತಡೆಯುತ್ತದೆ. ಏರುವ ಪಕ್ಕ ರಸ್ತೆಯ ಅಂಚಿನ ಪಾದಚಾರಿಗಳನ್ನೂ ಫಲಕಗಳನ್ನೂ ದೂರದಿಂದಲೇ ತೋರಿಸುತ್ತದೆ. ಎಡಬದಿಯ ಸಂಚಾರಕ್ಕೆ ಮಾಡಿದ ದೀಪದಲ್ಲಿ ಏರು ಎಡಕ್ಕಿರುತ್ತದೆ. ಅದನ್ನು ಜರ್ಮನಿಯಲ್ಲಿ ಹಾಕಿದರೆ, ಎದುರಿನ ವಾಹನಗಳು ಎಡಗಡೆಯಿಂದಲೇ ಬರುವುದರಿಂದ, ಆ ಏರು ನೇರವಾಗಿ ಅವರ ಕಣ್ಣಿಗೆ ತಾಗುತ್ತದೆ. ತಾನು ಸಾಗುತ್ತಿರುವ ಬಲ ಅಂಚು ಮಾತ್ರ ಕತ್ತಲಲ್ಲಿ ಉಳಿಯುತ್ತದೆ. ಇಷ್ಟಕ್ಕೂ ಜರ್ಮನಿಯ ಅಧಿಕಾರಿಗಳು ಮಾಡಿದ್ದರಲ್ಲಿ ತಪ್ಪೇನಿಲ್ಲ. ಅವರು ಎಡ ಸಂಚಾರದ ದೀಪವೆಂದೇ ಅದನ್ನು ಒಪ್ಪಿ, ಅದನ್ನು ಬಾಣದ ಮೂಲಕ ಹೇಳಿಯೂ ಇದ್ದಾರೆ. ಒಪ್ಪಿಗೆ ಕೊಟ್ಟ ದೇಶದ ರಸ್ತೆಗೂ ಒಪ್ಪಿಗೆ ಪಡೆದ ದೀಪದ ರಸ್ತೆಗೂ ಸಂಬಂಧವಿರಬೇಕಾಗಿಲ್ಲ, ಅಷ್ಟೆ.

ಇದನ್ನೇ ತಿರುಗಿಸಿದರೆ ನಮ್ಮ ಊರಿನ ಪ್ರಸಂಗವಾಗುತ್ತದೆ. ಯುರೋಪಿನಿಂದಲೋ ಕೊಲ್ಲಿ ದೇಶಗಳಿಂದಲೋ ಬಂದ ಸೆಕೆಂಡ್ ಹ್ಯಾಂಡ್ ಹೆಡ್‌ಲೈಟನ್ನು ಇಲ್ಲಿ ಯಾರಾದರೂ ಮಾರಲು ತೋರಿಸಿದರೆ ವೃತ್ತದೊಳಗಿನ ಅಂಕಿಗಿಂತ ಮೊದಲು ಬಾಣವನ್ನು ಹುಡುಕಬೇಕು. ಬಾಣವಿಲ್ಲದ ದೀಪ ನಮ್ಮ ರಸ್ತೆಗೆ ಆಗದು. ಹೊಳಪು ಎಷ್ಟೇ ಇರಲಿ, ಬ್ರ್ಯಾಂಡ್ ಯಾವುದೇ ಇರಲಿ, ರಾತ್ರಿ ಎದುರು ಬರುವ ಬೈಕ್ ಸವಾರನನ್ನು ಅದು ಕುರುಡಾಗಿಸುತ್ತದೆ. ಗುರುತು ದೀಪದ ಮೇಲಂಚಿನಲ್ಲೋ ಮೂಲೆಯಲ್ಲೋ ಅಡಗಿ ಕೂತಿರುವುದುಂಟು. ದೀಪವನ್ನು ವಾಹನಕ್ಕೆ ಜೋಡಿಸಿದ ಮೇಲೂ, ಕನಿಷ್ಠ ಬಾನೆಟ್ ತೆರೆದಾಗಲಾದರೂ, ಅದು ಕಾಣಬೇಕೆಂಬ ನಿಯಮವಿದೆ. ಆದ್ದರಿಂದ ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಸಿಗುತ್ತದೆ. ಹೆಡ್‌ಲೈಟಿನೊಳಗೇ ಪಾರ್ಕಿಂಗ್ ದೀಪ, ಇಂಡಿಕೇಟರ್ ಸೇರಿದ್ದರೆ ಒಂದೇ ವೃತ್ತದ ಸುತ್ತ ಹಲವು ಸಾಲುಗಳಿರುತ್ತವೆ. A ಎಂದಿದ್ದರೆ ಮುಂದಿನ ಪಾರ್ಕಿಂಗ್ ದೀಪ, 1a ಎಂದಿದ್ದರೆ ಮುಂದಿನ ಇಂಡಿಕೇಟರ್, RL ಎಂದಿದ್ದರೆ ಹಗಲು ಉರಿಯುವ ದೀಪ. ಪ್ರತಿ ಸಾಲಿಗೂ ತನ್ನದೇ ತಿದ್ದುಪಡಿ ಅಂಕಿ ಇರಬಹುದಾದ್ದರಿಂದ ಯಾವ ಬಾಣ, ಯಾವ ಅಂಕಿ ಯಾವುದಕ್ಕೆ ಸೇರಿದ್ದು ಎಂಬುದನ್ನು ಸಾಲು ಸಾಲಾಗಿ ಓದಬೇಕು.

ಇನ್ನೊಂದು ಕಡೆ ಈ ವೃತ್ತ ಕೊಳ್ಳುವವರನ್ನು ನಿಜವಾಗಿಯೂ ಮೋಸಕ್ಕೆ ಒಡ್ಡುತ್ತದೆ, ಮತ್ತು ಅದರ ಬಗ್ಗೆ ಬರೆಯದೆ ಇರಲಾರೆ. ಹ್ಯಾಲೊಜೆನ್ ಬಲ್ಬಿನ ಜಾಗದಲ್ಲಿ ಕೂರಿಸುವ ಎಲ್‌ಇಡಿ ಬಲ್ಬುಗಳ ಪೆಟ್ಟಿಗೆಯ ಮೇಲೆ E ವೃತ್ತವನ್ನು ಎದ್ದುಕಾಣುವಂತೆ ಅಚ್ಚು ಹಾಕಿರುವುದುಂಟು. ವೃತ್ತದ ಪಕ್ಕದ ಸಂಖ್ಯೆ 10R ಎಂದು ಆರಂಭವಾಗಿದೆಯೇ ನೋಡಿ. ಆಗಿದ್ದರೆ ಆ ಒಪ್ಪಿಗೆ 10ನೆಯ ನಿಯಮಾವಳಿಯದ್ದು. ಆ ನಿಯಮಾವಳಿ ವಿದ್ಯುತ್ಕಾಂತೀಯ ಹೊಂದಾಣಿಕೆಗೆ ಸಂಬಂಧಿಸಿದ್ದು. ಬಲ್ಬಿನೊಳಗಿನ ಸರ್ಕ್ಯೂಟು ಕಾರಿನ ರೇಡಿಯೊಗೋ ಇತರ ಎಲೆಕ್ಟ್ರಾನಿಕ್ ಭಾಗಗಳಿಗೋ ಅಡಚಣೆ ಮಾಡುವುದಿಲ್ಲ ಎಂಬುದಷ್ಟೇ ಅಲ್ಲಿ ಪರೀಕ್ಷೆಯಾದ ವಿಷಯ. ಬೆಳಕು ಎಲ್ಲಿ ಬೀಳುತ್ತದೆ, ಮೇಲಂಚು ಸರಿಯಾಗಿ ಮೂಡುತ್ತದೆಯೇ, ಎದುರಿನವರ ಕಣ್ಣು ಕುಕ್ಕುತ್ತದೆಯೇ ಎಂಬುದನ್ನು ಆ ಪರೀಕ್ಷೆಯಲ್ಲಿ ಯಾರೂ ನೋಡಿಲ್ಲ. ಹ್ಯಾಲೊಜೆನ್ ದೀಪದ ಕನ್ನಡಿಯನ್ನು ತೆಳುವಾದ ತಂತಿಯ ಸುರುಳಿ ಒಂದು ನಿಶ್ಚಿತ ಬಿಂದುವಿನಲ್ಲಿ ಉರಿಯುತ್ತದೆ ಎಂಬ ಲೆಕ್ಕದಲ್ಲಿ ರೂಪಿಸಿರುತ್ತಾರೆ. ಎಲ್‌ಇಡಿಯ ಬೆಳಕು ಚಪ್ಪಟೆಯಾದ ಬಿಲ್ಲೆಗಳಿಂದ, ಬೇರೆ ಆಕಾರದಲ್ಲಿ ಹೊರಡುವುದರಿಂದ ಆ ಲೆಕ್ಕ ಕೆಡಬಹುದು. ‘E ಮಾರ್ಕ್ ಇದೆ ಸರ್, ಅಪ್ರೂವ್ಡ್ ಮಾಲು’ ಎಂಬ ಮಾತು ಸುಳ್ಳಲ್ಲದಿರಬಹುದು, ಆದರೆ ಕೊಳ್ಳುವವರು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಇದೇ ರೀತಿ ಮುಂಗಾಜಿನ ಮೂಲೆಯಲ್ಲಿ 43R ಎಂದು ಕಂಡರೆ ಅದು ವಾಹನದ ಗಾಜಿಗೆ ಸಂಬಂಧಿಸಿದ ನಿಯಮಾವಳಿ. ಆ 43ನ್ನು ಜಪಾನಿನ ಅಂಕಿಯೊಡನೆ ಬೆರೆಸಬಾರದು. ದೇಶದ ಅಂಕಿ ಯಾವಾಗಲೂ ವೃತ್ತದ ಒಳಗೇ ಇರುತ್ತದೆ, E ಅಕ್ಷರದ ಜೊತೆಗೇ ಇರುತ್ತದೆ. ವೃತ್ತದ ಬದಲು ಆಯತವಿದ್ದು, ಅದರೊಳಗೆ ಚಿಕ್ಕ e ಇದ್ದರೆ ಅದು ವಿಶ್ವಸಂಸ್ಥೆಯ ಪದ್ಧತಿಯದ್ದಲ್ಲ, ಯುರೋಪ್ ಒಕ್ಕೂಟದ ಸ್ವಂತ ಒಪ್ಪಿಗೆ. ಅಲ್ಲಿಯೂ 1 ಜರ್ಮನಿ, 4 ನೆದರ್‌ಲೆಂಡ್ಸ್ ಎಂದೇ ಓದಬೇಕು. ಹಳೆಯ ಟೈರುಗಳಲ್ಲಿ ಸದ್ದಿನ ಒಪ್ಪಿಗೆಗಾಗಿ ಈ ಚಿಕ್ಕ e ಇದ್ದು, ಸಂಖ್ಯೆಯ ಕೊನೆಗೆ s ಸೇರಿರುವುದನ್ನು ಕಾಣಬಹುದು. CE ಎಂಬ ಜೋಡಿ ಅಕ್ಷರ ಮಾತ್ರ ಇವೆರಡಕ್ಕೂ ಸಂಬಂಧವಿಲ್ಲದ್ದು; ಅದನ್ನು ಸಾಮಾನ್ಯವಾಗಿ ತಯಾರಕರು ತಾವೇ ಘೋಷಿಸಿಕೊಂಡು ಹಾಕುತ್ತಾರೆ, ಹೆಡ್‌ಲೈಟಿನ ಬೆಳಕಿಗೆ ಅದು ಒಪ್ಪಿಗೆಯಾಗುವುದಿಲ್ಲ.

ವೃತ್ತದ ಮಾತಿಗೂ ಒಂದು ಮಿತಿಯಿದೆ. ಒಪ್ಪಿಗೆ ಸಿಗುವುದು ಮಾದರಿಗೆ; ನಿಮ್ಮ ಕೈಯಲ್ಲಿರುವ ಒಂದೊಂದು ಟೈರನ್ನೂ ಯಾರೂ ಪರೀಕ್ಷಾಲಯಕ್ಕೆ ಒಯ್ದಿರುವುದಿಲ್ಲ. ಒಪ್ಪಿಗೆ ಕೊಟ್ಟ ದೇಶ ತಯಾರಿಕೆಯು ಮಾದರಿಗೆ ತಕ್ಕಂತೆ ಮುಂದುವರಿಯುತ್ತಿದೆಯೇ ಎಂಬುದನ್ನು ಆಗಾಗ ಪರಿಶೀಲಿಸುವ ಹೊಣೆ ಹೊತ್ತಿರುತ್ತದೆ, ತಪ್ಪಿದರೆ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಅಧಿಕಾರವೂ ಅದಕ್ಕಿದೆ. ಆದರೆ ಬಿಸಿಲಿಗೆ ಹಳದಿಯಾಗಿ ಮಬ್ಬಾದ ಪ್ಲಾಸ್ಟಿಕ್ ಮುಖ, ಬಣ್ಣದ ಹಾಳೆ ಅಂಟಿಸಿದ ದೀಪ, ತಪ್ಪು ಬಲ್ಬು, ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದು ಬಿರುಕು ಬಿಟ್ಟ ಟೈರು ಇವುಗಳ ಮೇಲೂ ಆ ವೃತ್ತ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಹಳೆಯ ಹೆಡ್‌ಲೈಟ್ ಕೊಳ್ಳುವಾಗ ಅಂಕಿ, ಅಕ್ಷರ, ಬಾಣ ಮೂರನ್ನೂ ಓದಿದ ಮೇಲೆ, ಹಣ ಕೊಡುವ ಮೊದಲು ಬ್ಯಾಟರಿಗೆ ಜೋಡಿಸಿ ಗೋಡೆಯ ಮೇಲೆ ಡಿಮ್ ಬೆಳಕು ಬಿಡಿಸಿ ನೋಡಿ: ಮೇಲಂಚು ಸ್ಪಷ್ಟವಾಗಿರಬೇಕು, ಮತ್ತು ದೀಪದ ಹಿಂದೆ ನಿಂತ ನಿಮ್ಮ ಎಡಕ್ಕೆ ಅದು ಏರಬೇಕು.